ಬಾಕಿ ಎಂದು ತೋರಿದ ಮಾತು

ಇನ್ನು ಗುಣವಾಗುವುದಿಲ್ಲ ಎಂದು ದೊಡ್ಡ ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೂ ಮನುಷ್ಯ ಬದುಕಿರುತ್ತಾನೆ. ಅವನಿಗೆ ನೋವಾಗುತ್ತದೆ, ಬಾಯಾರುತ್ತದೆ, ಬೆನ್ನು ಹುಣ್ಣಾಗುತ್ತದೆ. ಅಂಥವರ ಮನೆಬಾಗಿಲಿಗೇ ಹೋಗಿ ಆರೈಕೆ ಮಾಡುವ ಸಂಸ್ಥೆಯೊಂದು ಶಿಗ್ಗಾಂವಿಯಲ್ಲಿದೆ. ಗೋವಿನಜೋಳದ ವ್ಯಾಪಾರಿಯೊಬ್ಬರ ಅಂಗಡಿಯ ಮೇಲೆ ಅದರ ಕಚೇರಿ. ಸುಗ್ಗಿಯ ದಿನಗಳಲ್ಲಿ ಕೆಳಗಿನ ಧೂಳು ಮೆಟ್ಟಿಲೇರಿ ಬಂದು ಔಷಧದ ಕಪಾಟಿನ ಮೇಲೂ ಕೂರುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಿಗೆ ಇಲ್ಲಿಂದ ನರ್ಸುಗಳು ಜೀಪಿನಲ್ಲಿ ಹೋಗಿಬರುತ್ತಾರೆ. ಅವರೆಲ್ಲರ ಮೇಲ್ವಿಚಾರಣೆ ಸಮತಾಳದು. ಹಿರೇಕೆರೂರಿನ ಮಹಾಲಿಂಗಪ್ಪನವರ ಮಗಳು. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಫೋನು ಮುಟ್ಟುವವಳಲ್ಲ. ಮುಟ್ಟಿದ ಮೇಲೆ ಸಂಜೆಯತನಕ ಕೆಳಗಿಡುವವಳೂ ಅಲ್ಲ.

ತಿಂಗಳಿಗೊಮ್ಮೆ ಸಮತಾ ಒಬ್ಬೊಬ್ಬ ನರ್ಸಿನ ಜೊತೆ ಒಬ್ಬಳೇ ಕೂತು ಮಾತನಾಡಬೇಕು. ಕೆಲಸ ಹೇಗೆ ನಡೆದಿದೆ, ಎಲ್ಲಿ ಕಷ್ಟ, ಮುಂದೆ ಏನು ಮಾಡೋಣ. ರೋಗಿಗಳ ಹೆಸರು ಹೇಳುವಂತಿಲ್ಲ. ನರ್ಸು ಒಪ್ಪಿದರೆ ಆ ಮಾತುಕತೆಯನ್ನು ಮೇಜಿನ ಮೇಲಿಟ್ಟ ಫೋನು ಧ್ವನಿಮುದ್ರಿಸಿಕೊಳ್ಳುತ್ತದೆ. ಹುಬ್ಬಳ್ಳಿಯ ಮುಖ್ಯ ಕಚೇರಿಯವರು ತರಿಸಿದ ತಂತ್ರಾಂಶವೊಂದು ಅದನ್ನು ಅಕ್ಷರಕ್ಕಿಳಿಸಿ, ಯಾವ ಯಾವ ವಿಷಯ ಬಂತು, ಎಷ್ಟು ಸಲ ಬಂತು ಎಂದು ಹೆಕ್ಕಿ, ಒಂದೇ ವಿಷಯ ತಿಂಗಳಿಂದ ತಿಂಗಳಿಗೆ ಹೇಗೆ ಹರಿಯಿತೆಂದು ಸಾಲಾಗಿ ಜೋಡಿಸುತ್ತದೆ. ಪ್ರತಿ ಸಾಲಿನ ಕೊನೆಗೆ ‘ಬಾಕಿ’, ‘ನಡೆದಿದೆ’, ‘ಮುಗಿದಿದೆ’ ಎಂಬ ಮೂರರಲ್ಲೊಂದು ಗುರುತು. ಮುಖ್ಯ ಕಚೇರಿಗೆ ಕಾಣುವುದು ಈ ಕೋಷ್ಟಕ, ಇವರ ಬಾಯಲ್ಲಿ ತಖ್ತೆ, ಮಾತ್ರ. ಧ್ವನಿ ಮಾತನಾಡಿದ ಇಬ್ಬರ ಹತ್ತಿರವೇ ಉಳಿಯುತ್ತದೆ. ನರ್ಸು ಒಪ್ಪದೆ ಬೇರೆ ಯಾರಿಗೂ ಕೇಳಿಸುವಂತಿಲ್ಲ.

ಸವಣೂರಿನ ಗೌಹರ ಕಳೆದ ಜುಲೈನಲ್ಲಿ ಕೆಲಸಕ್ಕೆ ಸೇರಿದ್ದಳು. ಫೆಬ್ರುವರಿಗೆ ಅವಳ ಪರೀಕ್ಷಾವಧಿ ಮುಗಿಯುತ್ತಿತ್ತು. ಅವಳನ್ನು ಕಾಯಂ ಮಾಡಬೇಕೋ, ಕೈಬಿಡಬೇಕೋ ಎಂದು ಕಮಿಟಿಗೆ ಹೇಳಬೇಕಾದವರು ಹುಬ್ಬಳ್ಳಿಯ ಮುಖ್ಯ ಕಚೇರಿಯ ಸಂಜಯ. ತಖ್ತೆ ನೋಡಿದ ದಿನವೇ ಅವರು ಫೋನು ಮಾಡಿದರು.

“ಸಮತಾ ಮೇಡಂ, ಸಿಟ್ಟಿಲ್ಲದ ಹೇಳಾಕತ್ತೇನ್ರಿ. ಗೌಹರ ಅವರ ಗಾಯ ತೊಳಿಯೋದು, ಗುಳಿಗಿ ಲೆಕ್ಕ, ಎಲ್ಲಾ ಬೆಳ್ಳಗ ಐತಿ. ಆದ್ರ ‘ಮನೆಯವರ ಜೊತೆ ಮಾತು’ ಅನ್ನೋ ಒಂದ ವಿಷಯ ನೋಡ್ರಿ. ಜುಲೈದಾಗೂ ಬಾಕಿ, ಜನೇವರಿಗೂ ಬಾಕಿ. ಕಡಿಮಿ ಆಗೂದು ಬಿಟ್ಟು ಏರಾಕತ್ತೈತಿ. ಡಿಸೆಂಬರದಾಗಂತೂ ಬರೇ ಅದ ಮಾತು.”

“ಸರ್, ಆಕಿ ಭಾಳ ಮುಂದ ಬಂದಾಳ್ರಿ.”

“ಬಂದಿರಬಹುದ್ರಿ, ನಾ ನಂಬ್ತೇನಿ. ಕಮಿಟಿಯವ್ರು ನಂಬಬೇಕಲ್ಲ? ಅದೂ ಇದು ಸಣ್ಣ ವಿಷಯ ಅಲ್ಲ. ಸಾಯಾಕತ್ತವರ ಮನ್ಯಾಗ ಬಾಯಿ ಬಿಡದ ನರ್ಸ್ ಇದ್ರ ನಮ್ಮ ಕೆಲಸದ ಅರ್ಧ ಹೋತು. ಯಾವ ತಿಂಗಳದಾಗ ಹೆಂಗ ಇತ್ತು, ಮುಂದಿನ ತಿಂಗಳದಾಗ ಏನ್ ಬದಲಾತು, ಆ ರೆಕಾರ್ಡಿಂಗದಾಗಿಂದನ ತೋರ್ಸ್ರಿ. ಶುಕ್ರವಾರ ನಾನ ಶಿಗ್ಗಾಂವಿಗೆ ಬರ್ತೇನಿ. ಭೇಷ್ ಹುಡುಗಿ ಅಂತ ಬರಕೊಟ್ರ ನಡಿಯೂದಿಲ್ಲ ಮತ್ತ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಮತಾಳಿಗೆ ಕಳವಳವಾದದ್ದು ಅದಕ್ಕೇ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಅವಳು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕೂತಳು. ಮೊದಲು ಅಕ್ಷರಕ್ಕಿಳಿದದ್ದನ್ನು ಓದಿದಳು. ನಮ್ಮ ಕಡೆಯ ಮಾತು ಆ ತಂತ್ರಾಂಶಕ್ಕೆ ಪೂರಾ ದಕ್ಕುವುದಿಲ್ಲ. ಅಲ್ಲಲ್ಲಿ ತಪ್ಪಿತ್ತು, ತಿದ್ದಿದಳು. ಆದರೆ ತಿದ್ದಿದ ಮೇಲೂ ತಖ್ತೆ ಬದಲಾಗಲಿಲ್ಲ. ಅಷ್ಟೂ ತಿಂಗಳ ಮಾತಿನಲ್ಲಿ ಎಲ್ಲಿಯೂ ಗೌಹರ ‘ನನಗೀಗ ಬರ್ತೈತಿ’ ಎಂದಿರಲಿಲ್ಲ. ‘ಹೆಂಗೋ ನಡದೈತ್ರಿ’ ಎಂದಿದ್ದಳು. ‘ಅಲ್ಲಾ ನಡಸ್ಯಾನ್ರಿ’ ಎಂದಿದ್ದಳು. ‘ನಂದೇನೈತ್ರಿ ಅದರಾಗ’ ಎಂದಿದ್ದಳು. ಕೆಲಸ ಮುಗಿಯಿತೆಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ತಂತ್ರಾಂಶ ಮುಗಿದಿದೆ ಎನ್ನುತ್ತದೆ. ಹೇಳದಿದ್ದರೆ ಅದಕ್ಕೇನು ಗೊತ್ತು?

ಸಮತಾ ನಕ್ಕಳು. ಅವಳ ತಾಯಿ ಸರೋಜವ್ವನೂ ಹಾಗೆಯೇ. ಎಮ್ಮೆ ಕೊಡದ ತುಂಬ ಹಾಲು ಕೊಟ್ಟ ದಿನವೂ ‘ಏನೋ ನಾಕ ಹನಿ ಹಿಂಡತೈತಿ’ ಎನ್ನುವವಳು. ಒಳ್ಳೆಯದನ್ನು ಬಾಯಿಯಿಂದ ಆಡಿದರೆ ಕಣ್ಣು ತಾಗುತ್ತದೆ ಎಂಬುದು ಒಂದು. ನಾನು ಮಾಡಿದೆ ಎಂದರೆ ಮಾಡಿಸಿದವನ ಮುಂದೆ ಸೊಕ್ಕಾಗುತ್ತದೆ ಎಂಬುದು ಇನ್ನೊಂದು. ಸವಣೂರಿನಲ್ಲಿ ಅದಕ್ಕೆ ನಜರ್ ಎನ್ನುತ್ತಾರೆ, ಹಿರೇಕೆರೂರಿನಲ್ಲಿ ದೃಷ್ಟಿ. ಅಂಜಿಕೆ ಒಂದೇ, ಭಕ್ತಿಯೂ ಒಂದೇ.

ಇನ್ನೊಂದು ಸಂಗತಿಯೂ ಅವಳ ಕಿವಿಗೆ ಬಿತ್ತು. ಹೆಚ್ಚಿನ ತಿಂಗಳುಗಳಲ್ಲಿ ಆ ವಿಷಯವನ್ನು ಎತ್ತಿದ್ದು ತಾನೇ. ‘ಮತ್ತ, ಮನೆಯವರ ಜೋಡಿ ಮಾತಾಡೋದು ಹೆಂಗ ಐತಿ ತಂಗಿ?’ ಎಂದು, ಜ್ವರ ಬಿಟ್ಟ ಮೇಲೂ ಬೀಗರು ಜ್ವರ ವಿಚಾರಿಸಿದ ಹಾಗೆ. ಅದು ಅಕ್ಕರೆ. ಆದರೆ ಹೋದ ಸಲ ಏನು ಮಾಡುವುದೆಂದು ಮಾತಾಗಿತ್ತು, ಅದು ಆಯಿತೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ವಿಷಯ ಮರಳಿ ಮರಳಿ ಬರುತ್ತಿತ್ತು, ಹೆಜ್ಜೆ ದಾಖಲಾಗುತ್ತಿರಲಿಲ್ಲ.

ಹಾಗಾಗಿ ಅವಳು ಎಣಿಕೆಯನ್ನು ಬದಿಗಿಟ್ಟು ಮೊದಲಿಂದ ಕೇಳಿದಳು. ಆ ತಿಂಗಳು ವಿಷಯವನ್ನು ಮೊದಲು ತೆಗೆದವರು ಯಾರು? ಆ ಮನೆಯಲ್ಲಿ ಗೌಹರ ನಿಜವಾಗಿ ಏನು ಮಾಡಿದಳು? ಮುಂದಿನ ಸಲಕ್ಕೆ ಏನೆಂದು ಮಾತಾಯಿತು? ಮುಂದಿನ ತಿಂಗಳ ಧ್ವನಿಯಲ್ಲಿ ಅದರ ಸುಳಿವು ಇದೆಯೇ? ಕೇಳುತ್ತ ಹೋದ ಹಾಗೆ ಅವಳ ಚಹಾ ತಣ್ಣಗಾಯಿತು.

ಅಲ್ಲಿ ಎಲ್ಲವೂ ಇತ್ತು. ಆದರೆ ಅದು ಧ್ವನಿಯಲ್ಲಿತ್ತು, ಅದನ್ನು ಸಂಜಯರಿಗೆ ಕೇಳಿಸಲು ಗೌಹರಳ ಒಪ್ಪಿಗೆ ಬೇಕಿತ್ತು.

ಸವಣೂರಿನಲ್ಲಿ ಗೌಹರಳ ಮನೆಗೆ ಸಮತಾ ಹೋದದ್ದು ಬುಧವಾರ ಮಧ್ಯಾಹ್ನ. ಗೌಹರಳ ತಾಯಿ ಜನ್ನತಬಿ ಅಂಗಳದಲ್ಲಿ ವೀಳ್ಯದೆಲೆಯ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು.

“ಬರ್ರಿ ಬರ್ರಿ, ಕುಂಡರ್ರಿ. ನಮ್ಮ ಗೌಹರನ ಸಾಹೇಬರು ಬಂದಾರ ಅಂದ್ರ ನಮ್ಮ ಮನಿ ಇಷ್ಟ ಸಣ್ಣದಾ ಅನಸ್ತೈತಿ ನೋಡ್ರಿ.”

“ಸಾಹೇಬರು ಎಲ್ಲಿ ಬಂದಾರ ಅಮ್ಮಾ, ಖಾರ ಎಲ್ಲೈತಿ ಅಂತ ವಾಸನಿ ಹಿಡಕೊಂಡ ಬಂದೇನಿ.”

“ಹಂಗಂದ್ರ ಸೈ!” ಎಂದು ಜನ್ನತಬಿ ಚುನಮುರಿ ಮಂಡಕ್ಕಿಯ ಜೊತೆ ಊರಿನ ಹೆಸರಾದ ಕುರುಕು ತಿಂಡಿ, ಸವಣೂರ ಖಾರ, ಸುರಿದು ತಂದಿಟ್ಟಳು. “ತಿಂದು ಖರೆ ಹೇಳ್ರಿ. ನನ್ನ ಮಗಳಿಗೆ ಕೆಲಸ ಉಳೀತೈತೋ ಇಲ್ಲೋ? ಆಕಿ ಏನೂ ಹೇಳಂಗಿಲ್ಲ. ‘ದುವಾ ಮಾಡು’ ಅಂತಾಳ. ಮಾಡಾಕತ್ತೇನಿ. ಯಾವುದಕ್ಕ ಮಾಡಾಕತ್ತೇನಿ ಅಂತ ನನಗಾದ್ರೂ ತಿಳೀಬೇಕಲ್ರಿ?”

ಒಳಗಿಂದ ಗೌಹರ ಬಂದಳು. ಡ್ಯೂಟಿಯಿಂದ ಆಗಷ್ಟೇ ಬಂದವಳು, ಓಢಣಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಸಮತಾ ಬಿಡಿಸಿ ಹೇಳಿದಳು. ತಖ್ತೆಯಲ್ಲಿ ಏನು ಕಾಣುತ್ತಿದೆ, ಸಂಜಯ ಏನು ಕೇಳಿದ್ದಾರೆ, ಕೆಲವು ತುಣುಕುಗಳನ್ನು ಅವರಿಗೆ ಕೇಳಿಸಿದರೆ ಏನಾಗಬಹುದು.

“ಜುಲೈದೂ ಕೇಳಸ್ತೀರೇನ್ರಿ?” ಗೌಹರ ಕೇಳಿದಳು.

“ಅಲ್ಲಿಂದನ ಸುರು ಆಗಬೇಕಲ್ಲ ತಂಗಿ. ಮೊದಲ ಹೆಂಗ ಇತ್ತು ಅಂತ ತೋರಸದ, ಈಗ ಎಲ್ಲಿ ಬಂದಿ ಅಂತ ಹೆಂಗ ತೋರಸಲಿ?”

“ಬ್ಯಾಡ್ರಿ ಅಕ್ಕಾರ.”

“ಕೆಲಸ ಹೋದೀತು.”

“ಹೋಗ್ಲಿ ಬಿಡ್ರಿ. ನಾ ಅತ್ತದ್ದನ್ನ ಯಾರೋ ಸಾಹೇಬ್ರು ಕುಂತು ಕೇಳೋದು ಬ್ಯಾಡ. ಅದರ ಮ್ಯಾಲೆ ‘ಈಗ ನೋಡ್ರಿ ಎಷ್ಟು ಶಾಣ್ಯಾ ಆಗ್ಯಾಳ’ ಅನ್ನೋದು ಬ್ಯಾಡವೇ ಬ್ಯಾಡ. ಹಂಗ ಅಂದ ವಾರದಾಗ ಬಾಯಿ ಕಟ್ಟಿ ನಿಂತು ಬಿಟ್ರ? ಆ ಮನ್ಯಾಗ ಮಾತು ನನ್ನ ಬಾಯಿಂದ ಬರ್ತೈತಿ ಖರೆ, ನನ್ನದಲ್ರಿ ಅದು. ಕೊಟ್ಟಾಂವ ಕೊಟ್ಟಾಗ ಬರ್ತೈತಿ.”

ಜನ್ನತಬಿ ಮಗಳ ಕಡೆ ನೋಡಿ, ನಜರ್ ತಾಗದಿರಲೆಂದು, ‘ಮಾಷಾ ಅಲ್ಲಾ’ ಎಂದು ಮೆಲ್ಲಗೆ ಅಂದಳು. ಆಮೇಲೆ ಸಮತಾಳ ಕಡೆ ತಿರುಗಿ, “ನೋಡ್ರಿ, ಇಂಥಾಕಿ ಕೂಡ ನಾ ಸಂಸಾರ ಮಾಡಾಕತ್ತೇನಿ,” ಎಂದಳು.

ಸಮತಾ ಒತ್ತಾಯ ಮಾಡಲಿಲ್ಲ. ಖಾರ ತಿಂದಳು, ಕಣ್ಣಲ್ಲಿ ನೀರು ಬಂತು, ನೀರು ಕುಡಿದಳು. ಕೊನೆಗೆ ಹೇಳಿದಳು: “ಹಂಗಾದ್ರ ಒಂದ ಮಾಡು. ಸಂಜಯ ಸರ್ ಬ್ಯಾಡ. ನೀನ ಕೇಳು, ನನ್ನ ಜೋಡಿ ಕುಂತು. ನಿನ್ನ ದನಿ ನಿನಗ ಕೇಳಾಕ ಯಾರ ಪರವಾನಗಿನೂ ಬ್ಯಾಡ. ಕೇಳಿದ ಮ್ಯಾಲೂ ಬ್ಯಾಡ ಅಂದ್ರ ಅಲ್ಲಿಗೆ ಬಿಡೋಣ.”

ಹಾಗೆ ಇಬ್ಬರೂ ಒಳಕೋಣೆಯ ಚಾಪೆಯ ಮೇಲೆ ಕೂತರು. ಒಂದೇ ಇಯರ್‌ಫೋನಿನ ಎರಡು ಗುಂಡಿಗಳನ್ನು ಹಂಚಿಕೊಂಡರು.

ಜುಲೈನದು ಬಹುತೇಕ ಮೌನ. ಹುಲಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಹಾಸಿಗೆ ಹಿಡಿದ ಮುದುಕನ ಮಗ ‘ನಮ್ಮಪ್ಪ ಯಾವಾಗ ಎದ್ದ ಓಡಾಡ್ತಾನ್ರಿ?’ ಎಂದು ಕೇಳಿದ್ದ. ಗೌಹರ ಚೀಲ ಎತ್ತಿಕೊಂಡು ಹೊರಬಂದು ಜೀಪಿನಲ್ಲಿ ಕೂತಿದ್ದಳು. ‘ನನ್ನ ಕೈಲೆ ಆಗೂದಿಲ್ರಿ ಅಕ್ಕಾರ,’ ಎಂದಷ್ಟೇ ಕೇಳಿಸಿತು, ಆಮೇಲೆ ಅಳು, ಆಮೇಲೆ ಕೆಳಗಿನ ಅಂಗಡಿಯಲ್ಲಿ ಮೂಟೆ ಇಳಿಸುವ ಸದ್ದು. ಗೌಹರ ಕಣ್ಣು ಮುಚ್ಚಿಕೊಂಡಿದ್ದಳು.

ಆಗಸ್ಟಿನಲ್ಲಿ ‘ಡಾಕ್ಟ್ರನ್ನ ಕೇಳ್ರಿ’ ಅಂದು ತಪ್ಪಿಸಿಕೊಂಡಿದ್ದಳು, ಆದರೆ ಓಡಿಬಂದಿರಲಿಲ್ಲ. ಅವರ ಮನೆಯ ಚಹಾ ಕುಡಿದು ಎದ್ದಿದ್ದಳು. ಸೆಪ್ಟೆಂಬರಿನಲ್ಲಿ ಅವಳೇ ಕೇಳಿದ್ದಳು, ‘ಹಂಗ ಕೇಳಿದ್ರ ಮೊದಲ ಮಾತು ಏನ್ ಆಡಬೇಕ್ರಿ?’ ಸಮತಾ ಸೊಸೆಯ ವೇಷ ಹಾಕಿ, ‘ಏನವಾ ನರ್ಸವ್ವಾ, ನಮ್ಮ ಮಾವ ಗೌಡಕಿ ಮಾಡಾಕ ಮತ್ತ ಏಳ್ತಾನೋ ಹೆಂಗ?’ ಎಂದು ಜಬರಿಸಿದ್ದಳು. ಇಬ್ಬರೂ ನಕ್ಕ ನಗು ಮುಗಿಯಲು ಹೊತ್ತು ಹಿಡಿದಿತ್ತು. ಮೊದಲು ಉತ್ತರ ಹೇಳುವುದಲ್ಲ, ಅವರಿಗೆ ಏನು ತಿಳಿದಿದೆ ಎಂದು ಕೇಳುವುದು, ಎಂಬಲ್ಲಿಗೆ ಆ ತಿಂಗಳ ಮಾತು ನಿಂತಿತ್ತು.

“ಅಕ್ಟೋಬರ್ ಎಲ್ಲೈತ್ರಿ?” ಗೌಹರ ಕೇಳಿದಳು.

“ಇಲ್ಲ ತಂಗಿ. ನಾ ಗುಂಡಿ ಒತ್ತೋದ ಮರತೆ. ನೀ ಆವತ್ತ ಭಾಳ ಚಲೋ ಮಾತಾಡಿದ್ದಿ ಅಂತ ನೆನಪೈತಿ, ಆದ್ರ ನೆನಪನ್ನ ತಖ್ತೆದಾಗ ಹಾಕಂಗಿಲ್ಲ. ಖಾಲಿ ಬಿಡಬೇಕು.”

“ಮತ್ತ ನನಗ ಅಳಿಸಿದ ತಿಂಗಳದ್ದು ಮಾತ್ರ ಛಂದಂಗಿ ಒತ್ತೀರಿ ನೋಡ್ರಿ!”

ನವೆಂಬರದಲ್ಲಿ ವಿಷಯ ಎತ್ತಿದವಳು ಗೌಹರ. ಸಮತಾ ಬಾಯಿ ತೆರೆಯುವ ಮೊದಲೇ ಶುರುಮಾಡಿದ್ದಳು: ‘ಅಕ್ಕಾರ, ಹೋದ ಸಲ ಹೇಳಿದಂಗ ಕೇಳಿದೆ ನೋಡ್ರಿ. ಹಾಸಿಗಿ ಹಿಡದ ಆ ಅವ್ವಗ, ನಿಮಗ ಏನ್ ಅನಸ್ತೈತಿ ಅಂದೆ. ಆಕಿ ನನ್ನ ಕೈ ಹಿಡದು, “ಯವ್ವಾ ನನಗ ಎಲ್ಲಾ ಗೊತ್ತೈತಿ, ನನಗ ಗೊತ್ತಿರೋದು ಅವರಿಗೆ ಗೊತ್ತಿಲ್ಲ” ಅಂದ್ಳು.’ ಡಿಸೆಂಬರದಲ್ಲಿ ಅವಳು ಮಾತು ನಿಲ್ಲಿಸಿಯೇ ಇರಲಿಲ್ಲ. ಒಂದು ಮನೆ ಹೇಳಿ ಇನ್ನೊಂದು, ಒಬ್ಬರು ಅಪ್ಪಿಕೊಂಡದ್ದು, ಒಬ್ಬ ಮಗ ಸಿಟ್ಟಿಗೆದ್ದು ‘ನಮ್ಮವ್ವನ ಸಾವು ಬಯಸಾಕ ಬಂದಿ ಏನು?’ ಎಂದು ಬೈದದ್ದು, ಮೂರನೇ ದಿನ ಅವನೇ ಜೀಪಿನವರೆಗೂ ಬಂದು ಚೀಲ ಹಿಡಿದದ್ದು. ಎಣಿಕೆ ಏರಿದ್ದು ಇದರಿಂದಲೇ. ಮಾತನಾಡಲು ಅಂಜಿದ್ದಾಗ ಹೇಳಲು ಒಂದೇ ಮನೆಯಿತ್ತು. ಅಂಜಿಕೆ ಸರಿದ ಮೇಲೆ ಎಷ್ಟೋ ಮನೆಗಳಿದ್ದವು.

ಜನವರಿಯದನ್ನು ಸಮತಾ ಕೊನೆಗೆ ಹಾಕಿದಳು. ಆ ತುಣುಕು ‘ಮನೆಯವರ ಜೊತೆ ಮಾತು’ ಎಂಬ ಸಾಲಿನಲ್ಲಿ ಇರಲೇ ಇಲ್ಲ. ತಂತ್ರಾಂಶ ಅದನ್ನು ‘ಫೋನ್ ಮತ್ತು ನೆಟ್‌ವರ್ಕ್’ ಎಂಬ ಸಾಲಿಗೆ ಸೇರಿಸಿತ್ತು. ಗೌಹರ ಫೋನಿನ ಚಾರ್ಜ್ ಉಳಿಯುವುದಿಲ್ಲವೆಂದು ದೂರುತ್ತಿದ್ದಳು: ‘ಎಲ್ಲಿ ಉಳಿಬೇಕ್ರಿ? ಇಸಾಕಭಾಯಿ ಹಾನಗಲ್ಲಿಂದ ಫೋನ್ ಹಚ್ಚಿದ್ರ ಇಡಂಗಿಲ್ಲ. ಆ ಮನ್ಯಾಗ ಹಿಂಗ ಕೇಳಾಕತ್ತಾರ, ಏನ್ ಹೇಳಲಿ ಅಂತ. ನಾ ಹೇಳೋಮಟ ಬಾಗಲದಾಗ ನಿಂತಿರ್ತಾನ.’

ಗೌಹರ ಗುಂಡಿಯನ್ನು ಕಿವಿಯಿಂದ ತೆಗೆದಳು. ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸಿತು. ಎದ್ದು ಕೈಕಾಲು ಮುಖ ತೊಳೆದು ವಜು ಮಾಡಿ ಬಂದು ಮೂಲೆಯಲ್ಲಿ ನಮಾಜಿಗೆ ನಿಂತಳು. ಸಮತಾ ಅಂಗಳಕ್ಕೆ ಬಂದು ಜನ್ನತಬಿಯ ಜೊತೆ ಎಲೆ ಜೋಡಿಸುತ್ತ ಕಾದಳು. ಒಳಗೆ ಒಬ್ಬಳು ಬಾಗಿ ಏಳುವ ಸಪ್ಪಳವಿಲ್ಲದ ಸಪ್ಪಳ, ಹೊರಗೆ ಒದ್ದೆ ಎಲೆಯ ವಾಸನೆ. ಕೇಳಿಕೊಳ್ಳುವವರು ಎಲ್ಲೆಲ್ಲಿಂದ ಕೇಳಿಕೊಂಡರೂ ಕೇಳಿಸಿಕೊಳ್ಳುವವನು ಒಬ್ಬನೇ ಎಂದು ಅವಳಿಗೆ ಅನ್ನಿಸಿತು.

ನಮಾಜು ಮುಗಿಸಿ ಬಂದು ಗೌಹರ ಹೇಳಿದಳು: “ಕೇಳಸ್ರಿ. ಆದ್ರ ‘ಈಕಿ ಶಾಣ್ಯಾ ಆದ್ಳು’ ಅಂತ ನೀವು ಅನ್ನಬ್ಯಾಡ್ರಿ. ಏನ್ ಆತು ಅಷ್ಟ ಇರ್ಲಿ. ಮತ್ತ ಇಸಾಕಭಾಯಿ ಮಾತು ಆಂವನ್ನ ಕೇಳದ ಹಾಕಬ್ಯಾಡ್ರಿ. ಆಂವಗ ಸಣ್ಣತನ ಆಗಬಾರದು.”

ಇಸಾಕ ಹಾನಗಲ್ಲ ತಾಲೂಕಿನ ನರ್ಸು, ಗೌಹರಳಿಗಿಂತ ಮೂರು ವರ್ಷ ಹಿರಿಯ. ಅವನ ತಖ್ತೆಯಲ್ಲಿ ಇದೇ ವಿಷಯ ಆಗಸ್ಟಿನಲ್ಲೇ ‘ಮುಗಿದಿದೆ’ ಎಂದಾಗಿತ್ತು. ಏಕೆಂದರೆ ಆಗಸ್ಟಿನಲ್ಲಿ ಅವನು ‘ಅದೆಲ್ಲಾ ಕ್ಲಿಯರ್ ಆತ್ರಿ ಮೇಡಂ’ ಎಂದಿದ್ದ. ಸಮತಾ ಅವನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವನು ಗಟ್ಟಿಯಾಗಿ ನಕ್ಕ.

“ಸಿಕ್ಕಬಿದ್ದೆ ನೋಡ್ರಿ! ಆವತ್ತ ಹಾನಗಲ್ಲ ಬಸ್ಸು ಹೊಂಟಿತ್ರಿ ಮೇಡಂ. ಕ್ಲಿಯರ್ ಅಂದ್ರ ಬಿಡ್ತೀರಿ ಅಂತ ಅಂದೆ. ಹಾಕ್ರಿ, ಹಾಕ್ರಿ. ಗೌಹರ ನನ್ನ ತಂಗಿ ಇದ್ದಂಗ. ಆಕಿ ಹೇಳಿಕೊಟ್ಟ ಮಾತಿನಿಂದ ನಾ ನಾಕ ಮನ್ಯಾಗ ಮಾನ ಉಳಿಸಿಕೊಂಡೇನಿ. ನಂದು ಮಾತ್ರ ಮತ್ತ ಬಾಕಿ ಅಂತ ಮಾಡಿಬಿಡ್ರಿ, ಕಲಿಯೋಣಂತ.”

ಶುಕ್ರವಾರ ಸಂಜಯ ಬಂದರು. ಜುಮ್ಮಾ ನಮಾಜು ಮುಗಿಯಲಿ ಎಂದು ಸಭೆಯನ್ನು ಮಧ್ಯಾಹ್ನದ ನಂತರ ಇಟ್ಟುಕೊಂಡಿದ್ದರು. ಸಂಜಯರ ಮುಂದೆ ಸಮತಾ ಹಳೆಯ ತಖ್ತೆಯ ಜೊತೆಗೆ ತಾನು ಕೈಯಾರೆ ಮಾಡಿದ ಇನ್ನೊಂದನ್ನು ಇಟ್ಟಳು. ಪ್ರತಿ ತಿಂಗಳ ಎದುರಿಗೆ ವಿಷಯ ತೆಗೆದವರು ಯಾರು, ಮನೆಯಲ್ಲಿ ಏನಾಯಿತು, ಮುಂದಿನದಕ್ಕೆ ಏನು ಒಪ್ಪಿದ್ದು, ಅದು ನಡೆಯಿತೇ ಎಂದು ಒಂದೊಂದು ಸಾಲು. ಸಾಲಿನ ಪಕ್ಕದಲ್ಲಿ ಧ್ವನಿಯಲ್ಲಿ ಅದು ಸಿಗುವ ಜಾಗ. ಅಕ್ಟೋಬರಿನ ಎದುರಿಗೆ ‘ಧ್ವನಿಮುದ್ರಣವಿಲ್ಲ, ತಪ್ಪು ನನ್ನದು’. ನಾಲ್ಕು ತಿಂಗಳ ಎದುರಿಗೆ ‘ಮುಂದಿನ ಹೆಜ್ಜೆ ಮಾತಾಗಿಲ್ಲ’ ಎಂದು ಅವಳೇ ಬರೆದಿದ್ದಳು.

ಸಂಜಯ ತುಣುಕುಗಳನ್ನು ಒಂದೊಂದಾಗಿ ಕೇಳಿದರು. ಗೌಹರ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಜುಲೈನ ಅಳು ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನರ್ಸವ್ವನ ನಾಟಕ ಬಂದಾಗ, “ಸಮತಾ ಮೇಡಂ, ನೀವು ಕಂಪನಿ ನಾಟಕದಾಗ ಇರಬೇಕಿತ್ತ್ರಿ,” ಎಂದರು. ಜನವರಿಯದನ್ನು ಎರಡು ಸಲ ಕೇಳಿದರು.

“ಇದು ಬ್ಯಾರೆ ವಿಷಯದಾಗ ಕುಂತಿತ್ತಲ್ರಿ. ಹೆಂಗ ಸಿಕ್ತು?”

“ಪೂರಾ ಕೇಳಿದೆ ಸರ್. ಹುಡುಕಿದ್ರ ಸಿಗ್ತಿದ್ದಿಲ್ಲ.”

ಅವರು ತಲೆಯಾಡಿಸಿದರು. “ಎಣಿಕಿ ನೋಡಿ ನಾ ಉಲ್ಟಾ ಓದಿದೆ ನೋಡ್ರಿ. ಆದ್ರೂ ಒಂದ ಕೇಳತೇನಿ. ನಾ ಕೇಳಿದ್ದೆಲ್ಲಾ ನೀವ ಆರಿಸಿದ ತುಣುಕು. ಚಲೋವು ಅಷ್ಟ ಆರಿಸಿರಬಹುದಲ್ಲ? ಡಿಸೆಂಬರದಾಗ ಬೈದ್ರಲ್ಲ ಆ ಮನಿ, ಅದನ್ನೂ ಹಚ್ರಿ.”

ಸಮತಾ ಗೌಹರಳ ಕಡೆ ನೋಡಿದಳು. ಗೌಹರ ತಲೆಯಾಡಿಸಿದಳು. ಆ ತುಣುಕು ಪೂರಾ ಕೇಳಿಸಿತು. ಮಗ ಬೈದದ್ದನ್ನು ಹೇಳುವಾಗ ಅವಳ ದನಿ ನಡುಗಿದ್ದು ಕೂಡ. ಅದರ ಕೊನೆಗೆ, ಯಾರೂ ಕೇಳದೆ, ಅವಳು ಸಮತಾಳಿಗೆ ಹೇಳಿದ್ದಳು: ‘ಆಂವ ಬೈದದ್ದು ನನಗಲ್ರಿ. ಹೇಳಿದ್ದು ಅವಸರ ಆತು. ಮಗನ್ನ ಹೊರಗ ಕರದು ಮೊದಲ ಆಂವಗ ಹೇಳಬೇಕಿತ್ತು. ಮುಂದಿನ ವಾರ ಹಂಗ ಮಾಡ್ತೇನಿ.’

ಸಂಜಯ ಫೋನನ್ನು ನಿಲ್ಲಿಸಿ, ಮೊದಲ ಸಲ ಗೌಹರಳನ್ನೇ ನೋಡಿದರು.

“ಮಾಡಿದ್ರೇನ್ರಿ ಹಂಗ?”

ಸಮತಾ ತನ್ನ ತಖ್ತೆಯ ಜನವರಿಯ ಸಾಲು ನೋಡಿದಳು. ಆ ವಾರದ ಮಾತು ಯಾವ ಧ್ವನಿಯಲ್ಲಿಯೂ ಇರಲಿಲ್ಲ. ಜನವರಿಯಲ್ಲಿ ತಾನು ಕೇಳಿಯೇ ಇರಲಿಲ್ಲ. ಇನ್ನು ಗೌಹರಳೇ ಬಾಯಿ ಬಿಡಬೇಕು. ಹೆಂಗೋ ನಡೆಯಿತು ಎಂದುಬಿಟ್ಟರೆ ಇಷ್ಟೆಲ್ಲ ಮಾಡಿದ್ದು ಅಲ್ಲಿಗೆ ನಿಲ್ಲುತ್ತಿತ್ತು.

ಗೌಹರ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ತುಟಿ ಏನೋ ಅಂದಿತು, ಬಿಸ್ಮಿಲ್ಲಾ ಇರಬೇಕು. ಆಮೇಲೆ ಹೇಳಿದಳು:

“ಮಾಡಿದೆ ಸರ್. ಮಗನ್ನ ಅಂಗಳಕ್ಕ ಕರದೆ. ‘ಅಣ್ಣಾ, ನಿಮ್ಮವ್ವಗ ಏನ್ ಆಗೇತಿ ಅಂತ ಆಸ್ಪತ್ರ್ಯಾಗ ಏನ್ ಹೇಳ್ಯಾರ?’ ಅಂತ ಕೇಳಿದೆ. ಆಂವ ಗ್ವಾಡಿಗಿ ಒರಗಿ ನಿಂತ. ‘ಏನ್ ಹೇಳ್ತಾರ, ಮನಿಗಿ ಒಯ್ಯಿರಿ ಅಂದ್ರು,’ ಅಂದ. ನಾ ಏನೂ ಅನ್ನಲಿಲ್ಲ. ಆಂವ ಅತ್ತ. ಆಮ್ಯಾಲೆ ಆಂವನ ಕೇಳಿದ, ಇನ್ನ ಎಷ್ಟು ದಿನ ಅಂತ. ‘ಅದು ನನಗ ಗೊತ್ತಿಲ್ಲ ಅಣ್ಣಾ, ಡಾಕ್ಟ್ರೂ ಹೇಳಂಗಿಲ್ಲ. ದಿನ ಭಾಳ ಉಳದಿಲ್ಲ ಅನಸ್ತೈತಿ. ಇರೋತನ ಆಕಿಗೆ ನೋವು ಆಗದಂಗ ನೋಡ್ಕೊಳ್ಳೂದು ನನ್ನ ಕೆಲಸ, ಹತ್ರ ಕುಂಡ್ರೋದು ನಿನ್ನ ಕೆಲಸ,’ ಅಂದೆ. ಅವತ್ತಿನಿಂದ ಆಂವ ಹೊಲಕ್ಕ ಹೋಗೋ ಮೊದಲ ಅವ್ವನ ಕಾಲ ತಿಕ್ಕಿ ಹೋಗತಿದ್ದ. ಹೋದ ಸೋಮವಾರ ಆ ಅವ್ವ ಹೋದ್ಳು. ನಾ ಹೋಗಿದ್ದೆ. ಬ್ಯಾಡ ಅನ್ನಲಿಲ್ಲ ಯಾರೂ.”

ಕೆಳಗೆ ಯಾರೋ ತಕ್ಕಡಿ ಎಳೆದರು. ಸಂಜಯ ಕನ್ನಡಕ ಹಾಕಿಕೊಂಡರು.

“ಇದನ್ನ ಯಾಕ್ರಿ ಇಷ್ಟ ದಿನ ಹೇಳಲಿಲ್ಲ?”

“ಮನೆಯವರ ದುಃಖ ಸರ್ ಅದು. ನನ್ನ ಹೆಚ್ಚುಗಾರಿಕಿಗೆ ಹೆಂಗ ಎತ್ತಲಿ?”

ಅವರು ಸಮತಾ ಮಾಡಿದ ತಖ್ತೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಸಮತಾಳಿಗೆ ಹೇಳಿದರು: “ಕಮಿಟಿಗೆ ನಿಮ್ಮ ಈ ಕೈಬರಹದ್ದನ್ನ ಒಯ್ತೇನಿ. ಧ್ವನಿ ಬ್ಯಾಡ, ಅದು ಇಲ್ಲೇ ಇರ್ಲಿ. ಕಾಯಂ ಮಾಡ್ರಿ ಅಂತ ನಾ ಸಹಿ ಮಾಡ್ತೇನಿ, ಅವ್ರು ಇಲ್ಲ ಅನ್ನೂದಿಲ್ಲ. ಆದ್ರ ಒಂದ ಶರ್ತು. ಮುಂದಿನ ತಿಂಗಳಿಂದ, ಹೋದ ಸಲ ಒಪ್ಪಿದ್ದು ಏನಾತು ಅಂತ ಕೇಳೋದರಿಂದನ ಮಾತು ಸುರು ಆಗಬೇಕು. ಗೌಹರ ಅವರು ತಮ್ಮ ಬಗ್ಗೆ ಏನೂ ಹೇಳೋದ ಬ್ಯಾಡ. ಮನ್ಯಾಗ ಏನಾತು ಅಂತ ಹೇಳಿದ್ರ ಸಾಕು. ನಡೀತೈತೇನ್ರಿ?”

“ನಡೀತೈತ್ರಿ,” ಎಂದಳು ಗೌಹರ. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ, “ಅಲ್ಹಮ್ದುಲಿಲ್ಲಾ.”

ಸಮತಾಳ ಬೆರಳು ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು.

ಸಂಜಯ ಹುಬ್ಬಳ್ಳಿಗೆ ಹೊರಟ ಮೇಲೆ ಸಮತಾ ಫೋನಿನಲ್ಲಿದ್ದ ತುಣುಕುಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಕೇಳಿಸುವುದಕ್ಕೆಂದು ಕತ್ತರಿಸಿದ್ದವು, ಕೆಲಸ ಮುಗಿದಿತ್ತು. ಜುಲೈನದಕ್ಕೆ ಬಂದಾಗ ಗೌಹರ ಕೈ ಅಡ್ಡ ತಂದಳು.

“ಅದು ಇರ್ಲಿ ಬಿಡ್ರಿ ಅಕ್ಕಾರ.”

“ಅದನ್ನ ಕೇಳಸೋದ ಬ್ಯಾಡ ಅಂದಿದ್ದಿ?”

“ಹೌದ್ರಿ. ಆದ್ರ ಮುಂದಿನ ತಿಂಗಳ ರಟ್ಟೀಹಳ್ಳಿ ಕಡೆಗೆ ಹೊಸಾ ಹುಡುಗಿ ಬರ್ತಾಳ ಅಂದ್ರಲ್ಲ. ಆಕಿನೂ ಒಂದಿನ ಚೀಲ ತಗೊಂಡು ಜೀಪಿಗೆ ಓಡಿ ಬರ್ತಾಳ. ಬಂದ ದಿನ ಅದನ್ನ ಕೇಳಸ್ರಿ.”

“ನಿನ್ನ ಹೆಸರು ಅಳಿಸಿ ಕೇಳಸ್ಲೇನು?”

ಗೌಹರ ಚೀಲ ಹೆಗಲಿಗೇರಿಸಿಕೊಂಡಳು. ಕೆಳಗೆ ಜೀಪಿನವನು ಹಾರ್ನ್ ಹೊಡೆದ. ಹುಲಗೂರಿನ ಕಡೆ ಒಂದು ಮನೆಗೆ ಹೊತ್ತು ಮುಳುಗುವುದರೊಳಗೆ ಹೋಗಬೇಕಿತ್ತು.

“ಇರ್ಲಿ ಬಿಡ್ರಿ ಹೆಸರು,” ಎಂದು ಮೆಟ್ಟಿಲಿಳಿದಳು. “ಆಕಿಗೆ ಅಳು ಬಂದಾಗ ಯಾರಿಗೆ ಫೋನ್ ಹಚ್ಚಬೇಕಂತ ಗೊತ್ತಾಗಬೇಕಲ್ರಿ?”